ದಾದಿ ಸೋತದ್ದು ಹೇಗೆ? ಹಾರ್ಟ್ಸ್ ಆಟಕ್ಕೊಂದು ಲೆಕ್ಕದ ಹಾಳೆ

ರಜೆ ಬಂದರೆ ಚಿಗಟೇರಿಯ ನಮ್ಮ ಮನೆಯಲ್ಲಿ ರಾತ್ರಿ ಊಟದ ಮೇಲೆ ಹಾರ್ಟ್ಸ್ ಶುರು. ಚಾಚಾ ಇದನ್ನು ಕಂಪ್ಯೂಟರಿನಲ್ಲಿ ಆಡಿ ಕಲಿತವರು. ಅವರಿಂದ ಅದು ಇಡೀ ಮನೆಗೆ ಅಂಟಿಕೊಂಡಿತು. "ದುಡ್ಡಿನ ಮಾತು ಬಂದರೆ ಎಲೆಗಳು ಒಲೆಗೆ" ಎಂದು ದಾದಿ ಮೊದಲ ದಿನವೇ ಹೇಳಿದ್ದರಿಂದ ನಮ್ಮಲ್ಲಿ ಇರುವುದು ಬರೀ ಅಂಕದ ಜಗಳ.

ಗೊತ್ತಿಲ್ಲದವರಿಗೆ ಆಟ ಇಷ್ಟೇ. ಆಟೀನಿನ ಹದಿಮೂರು ಎಲೆಗಳಿಗೆ ಒಂದೊಂದು ಅಂಕ, ಇಸ್ಪೀಟ್ ರಾಣಿಗೆ (ನಮ್ಮ ಮನೆಯಲ್ಲಿ ಅದು ಹುಕುಂ ಕೀ ರಾನೀ) 13 ಅಂಕ. ಒಂದು ಸಲ ಎಲೆ ಹಂಚಿ ಆಡಿ ಮುಗಿಸಿದರೆ ಅದು ಒಂದು ಸುತ್ತು, ಅದರಲ್ಲಿ ಒಟ್ಟು 26 ಅಂಕ. ಇಲ್ಲಿ ಅಂಕ ಬಂದಷ್ಟೂ ನಷ್ಟ. ಆದರೆ 26ನ್ನೂ ಒಬ್ಬರೇ ಎತ್ತಿಕೊಂಡರೆ ಅವರಿಗೆ ಸೊನ್ನೆ, ಉಳಿದವರಿಗೆಲ್ಲ ತಲಾ 26.

ಕಂಪ್ಯೂಟರಿನಲ್ಲಿ ನಾಲ್ಕು ಜನ ಕೂತು, ಯಾರಾದರೂ ನೂರು ಮುಟ್ಟುವವರೆಗೆ ಆಡುತ್ತಾರೆ. ನಮ್ಮಲ್ಲಿ ಹಾಗೆ ನಡೆಯುವುದಿಲ್ಲ. ಚಾಚಾ ಬರುವುದೇ ತಡವಾಗಿ, ಖಾಲಾ ಹರಪನಹಳ್ಳಿಯಿಂದ ಬಂದ ದಿನ ಮಾತ್ರ ಐದು ಜನ ಆಗುತ್ತೇವೆ. ಹಳೇ ನೋಟ್‌ಬುಕ್ಕಿನಲ್ಲಿ ಪ್ರತಿಯೊಬ್ಬರ ಅಂಕ ಕೂಡಿಸುತ್ತಾ ಹೋಗಿದ್ದೆವು. ಹೋದ ರಜೆಯ ಕೊನೆಗೆ ದಾದಿಯದು 237, ಚಾಚಾರದು 90, ಖಾಲಾರದು 56. ಖಾಲಾ ಗೆದ್ದರು, ದಾದಿ ಕೊನೆ ಎಂದು ಚಾಚಾ ಘೋಷಿಸಿದರು. ದಾದಿ ಏನೂ ಹೇಳದೆ ಕನ್ನಡಕ ತೆಗೆದು ಒಳಗೆ ಹೋದರು. ಮರುದಿನ ಆಟಕ್ಕೆ ಬರಲಿಲ್ಲ.

ದಾದಿ ಆಡಿದ್ದು 40 ಸುತ್ತು, ಚಾಚಾ 12, ಖಾಲಾ 10. ಹೆಚ್ಚು ಕೂತವರಿಗೆ ಹೆಚ್ಚು ಅಂಕ ಬಂದೇ ಬರುತ್ತದೆ. ಹಾಗಾಗಿ ಮೊದಲು ಸರಾಸರಿ ತೆಗೆದೆ. ಚಾಚಾ ಸುತ್ತಿಗೆ 7.5, ದಾದಿ ಸುಮಾರು 5.9, ಖಾಲಾ 5.6. ಚಾಚಾ ಹಿಂದೆ ಬಿದ್ದರು. ಆದರೆ ಖಾಲಾ ಇನ್ನೂ ಮುಂದೆ.

ಇಲ್ಲಿ ನಾನು ಎರಡು ದಿನ ಸಿಕ್ಕಿಕೊಂಡೆ. ಖಾಲಾ ಆಡಿದ ಹತ್ತೂ ಸುತ್ತು ಐದು ಜನರವು. ಅದೇ 26 ಅಂಕ ಐವರಿಗೆ ಹಂಚಿದರೆ ತಲಾ 5.2, ನಾಲ್ವರಿಗೆ 6.5. ಐದು ಜನ ಇದ್ದಾಗ ಎಲ್ಲರ ಸರಾಸರಿಯೂ ಇಳಿಯುತ್ತದೆ, ಅದು ಯಾರ ಜಾಣತನವೂ ಅಲ್ಲ. ಆದ್ದರಿಂದ ಹೊಸ ಹಾಳೆಯಲ್ಲಿ ಪ್ರತಿ ಸುತ್ತಿಗೂ "ಪಾಲು" ಎಂಬ ಒಂದು ಅಂಕಣ ಹಾಕಿದೆ: ಆ ಸಾಲಿನ ಒಟ್ಟು ಅಂಕವನ್ನು ಆಡಿದವರ ಸಂಖ್ಯೆಯಿಂದ ಭಾಗಿಸಿದ್ದು. ಬಂದ ಅಂಕದಲ್ಲಿ ಪಾಲನ್ನು ಕಳೆದರೆ ನಿಜವಾದ ಲೆಕ್ಕ ಸಿಗುತ್ತದೆ.

ಖಾಲಾರ ಹತ್ತು ಸುತ್ತಿನ ಪಾಲು 52, ಬಂದದ್ದು 56, ಅಂದರೆ 4 ಹೆಚ್ಚು. ಚಾಚಾರ ಹನ್ನೆರಡೂ ನಾಲ್ವರ ಸುತ್ತು. ಪಾಲು 78, ಬಂದದ್ದು 90, 12 ಹೆಚ್ಚು. ದಾದಿ ನಾಲ್ವರ 30, ಐವರ 10 ಸುತ್ತು ಆಡಿದ್ದಾರೆ. ಪಾಲು 195 ಮತ್ತು 52, ಒಟ್ಟು 247. ಬಂದದ್ದು 237. ಮೂವರಲ್ಲಿ ತಮ್ಮ ಪಾಲಿಗಿಂತ ಕಡಿಮೆ ಅಂಕ ಹೊತ್ತವರು ದಾದಿ ಒಬ್ಬರೇ!

ಪಾಲನ್ನು 6.5 ಎಂದು ಮೊದಲೇ ಬರೆದಿಡಬಾರದು. ನಾಲ್ವರಲ್ಲಿ ಒಬ್ಬರು ಎಲ್ಲವನ್ನೂ ಎತ್ತಿದ ಸುತ್ತಿನಲ್ಲಿ ಸಾಲಿನ ಒಟ್ಟು 78 ಆಗುತ್ತದೆ, ಪಾಲು 19.5. ಎತ್ತಿದವರಿಗೆ 19.5 ಲಾಭ, ಉಳಿದವರಿಗೆ 6.5 ನಷ್ಟ. ಲೆಕ್ಕ ತಾನಾಗಿಯೇ ಸರಿ ಹೋಗುತ್ತದೆ.

ಆಟಕ್ಕೆ ಇಲ್ಲದವರ ಮನೆಯಲ್ಲಿ ಅಡ್ಡಗೆರೆ ಹಾಕಬೇಕು, ಸೊನ್ನೆ ಅಲ್ಲ. ಸೊನ್ನೆ ಎಂದರೆ ಆಡಿ ಏನೂ ಹೊರದೆ ತಪ್ಪಿಸಿಕೊಂಡವರು. ಹಳೇ ನೋಟ್‌ಬುಕ್ಕಿನಲ್ಲಿ ಎರಡಕ್ಕೂ ಸೊನ್ನೆಯೇ ಇತ್ತು, ಯಾರು ಎಷ್ಟು ಸುತ್ತು ಕೂತರು ಎಂದು ಹುಡುಕಲು ನನಗೆ ಒಂದು ಮಧ್ಯಾಹ್ನ ಹೋಯಿತು.

ತಪ್ಪು ಹಿಡಿಯುವುದು ನಮ್ಮ ಅಕೌಂಟೆನ್ಸಿಯ ತಾಳೆಪಟ್ಟಿಯ ಹಾಗೆಯೇ. ನಾಲ್ವರ ಸಾಲಿನ ಒಟ್ಟು 26 ಅಥವಾ 78 ಬರಬೇಕು, ಐವರದಾದರೆ 26 ಅಥವಾ 104. ಒಮ್ಮೆ 25 ಬಂತು, ಹುಡುಕಿದರೆ ಆಟೀನಿನ ಒಂದು ಎಲೆ ಚಾಪೆಯ ಕೆಳಗಿತ್ತು. ಆದರೆ ತಾಳೆಪಟ್ಟಿಗೆ ಸಿಗದ ತಪ್ಪು ಇಲ್ಲಿಯೂ ಇದೆ. ಖಾಲಾರ 13ನ್ನು ದಾದಿಯ ಅಂಕಣಕ್ಕೆ ಬರೆದರೂ ಒಟ್ಟು ಸರಿಯಾಗಿಯೇ ಇರುತ್ತದೆ. ಅದಕ್ಕೇ ಈಗ ರಾಣಿ ಬಂದವರ ಅಂಕಕ್ಕೆ ಸುತ್ತು ಹಾಕಿ, ಎಲೆ ಕಲಸುವ ಮೊದಲು ಸಾಲನ್ನು ಗಟ್ಟಿಯಾಗಿ ಓದುತ್ತೇನೆ.

ಒಂದು ತೊಡಕು ಉಳಿದಿದೆ. ಖಾಲಾರ ಮಗ ಎರಡೇ ಸುತ್ತು ಆಡಿದ್ದ, ಎರಡರಲ್ಲೂ ಸೊನ್ನೆ. ನಾಲ್ವರ ಸುತ್ತುಗಳಾದ್ದರಿಂದ ಅವನಿಗೆ 13 ಲಾಭ, ದಾದಿಗಿಂತ ಮುಂದೆ! ಎರಡು ಸುತ್ತಿನ ಅದೃಷ್ಟವನ್ನು ನಲವತ್ತು ಸುತ್ತಿನ ಪಕ್ಕ ಇಡಲು ನನಗೆ ಮನಸ್ಸಾಗಲಿಲ್ಲ. ಇಪ್ಪತ್ತು ಸುತ್ತು ಆಡದವರ ಹೆಸರನ್ನು ಪಟ್ಟಿಯ ಕೆಳಗೆ ಬೇರೆಯಾಗಿ ಬರೆಯುತ್ತೇನೆ. ಹಾಗೆ ಮಾಡಿದರೆ ಚಾಚಾ, ಖಾಲಾ ಕೂಡ ಕೆಳಗೇ ಹೋಗುತ್ತಾರೆ. ಇಪ್ಪತ್ತೇ ಏಕೆ ಎಂದು ಚಾಚಾ ಕೇಳಿದ್ದಾರೆ, ಹತ್ತಕ್ಕೆ ಇಳಿಸಬೇಕಂತೆ. ಹಾಳೆಯನ್ನು ದಾದಿಯ ಮುಂದೆ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ಪ್ರತಿ ಸಾಲನ್ನೂ ಬೆರಳಿನಿಂದ ಕೂಡಿಸಿ ನೋಡಿ, "ಇಪ್ಪತ್ತೇ ಇರಲಿ. ಎಲೆ ಹಂಚು" ಎಂದರು.