ಕಾವಲಿ ಕೇಳಿದರೆ ತವಾ ಸಿಗಬೇಕು

ದೋಸೆ ಹುಯ್ಯುವ ಕಬ್ಬಿಣದ ತಟ್ಟೆಗೆ ನಮ್ಮಲ್ಲಿ ಒಂದೇ ಹೆಸರಿಲ್ಲ. ಕರಾವಳಿಯವರಿಗೆ ಅದು ಕಾವಲಿ, ಮೈಸೂರು ಕಡೆ ಹೆಂಚು, ಉತ್ತರ ಕರ್ನಾಟಕದಲ್ಲಿ ಹಂಚು, ಪೇಟೆಯ ಬಿಲ್ಲಿನಲ್ಲಿ ತವಾ. ಹತ್ತು ಸಾವಿರ ಸಾಮಾನಿರುವ ಒಂದು ಆನ್‌ಲೈನ್ ಪಾತ್ರೆ ಅಂಗಡಿಯನ್ನು ಊಹಿಸಿಕೊಳ್ಳಿ. ಉಡುಪಿಯ ಗಿರಾಕಿಯೊಬ್ಬರು ಹುಡುಕುವ ಪೆಟ್ಟಿಗೆಯಲ್ಲಿ 'ಕಾವಲಿ' ಎಂದು ಬರೆದರೆ 'ಏನೂ ಸಿಗಲಿಲ್ಲ' ಎಂಬ ಉತ್ತರ ಬರುತ್ತದೆ. ಗೋದಾಮಿನಲ್ಲಿ ಮಾತ್ರ ಇಪ್ಪತ್ತು ಬಗೆಯ ತವಾಗಳು ಕೂತಿವೆ. ಕೌಂಟರಿನ ಹುಡುಗನಾಗಿದ್ದರೆ ಮರುಮಾತಿಲ್ಲದೆ ಒಳಗಿಂದ ಎತ್ತಿಕೊಂಡು ಬರುತ್ತಿದ್ದ.

ಹೀಗೇಕಾಗುತ್ತದೆ ಎಂದು ತಿಳಿಯಬೇಕಾದರೆ ಡೇಟಾಬೇಸ್ ಹೇಗೆ ಹುಡುಕುತ್ತದೆ ಎಂಬಲ್ಲಿಂದ ಶುರುಮಾಡಬೇಕು. 'ಸಾಮಾನು ಸಂಖ್ಯೆ 4182ರ ಬೆಲೆ ಎಷ್ಟು?' ಎಂಬಂಥ ಪ್ರಶ್ನೆಗೆ ಅದು ಹುಟ್ಟಿಬಂದದ್ದು. ಸಂಖ್ಯೆಗಳು ಕ್ರಮವಾಗಿ ಜೋಡಣೆಯಾಗಿರುತ್ತವೆ. ಪ್ರತಿ ಸಲವೂ ಅರ್ಧ ಭಾಗವನ್ನು ಬಿಟ್ಟುಬಿಡುತ್ತ ಹೋದರೆ ಹತ್ತು ಸಾವಿರದಲ್ಲಿ ಒಂದನ್ನು ಮುಟ್ಟಲು 14 ಹೆಜ್ಜೆ ಸಾಕು. ನಿಜವಾದ ಡೇಟಾಬೇಸುಗಳು ಒಂದೊಂದು ಪುಟದಲ್ಲಿ ನೂರಾರು ಸಂಖ್ಯೆಗಳನ್ನು ಇಟ್ಟುಕೊಳ್ಳುವುದರಿಂದ ಎರಡು ಮೂರು ಪುಟ ತೆರೆಯುವಷ್ಟರಲ್ಲಿ ಉತ್ತರ ಸಿಕ್ಕಿರುತ್ತದೆ. ನಿಘಂಟು ತೆರೆದು ಪದ ನೋಡುವ ಹಾಗೆಯೇ ಇದು. ಆದರೆ ಪದದ ಮೊದಲಕ್ಷರ ಗೊತ್ತಿರಬೇಕು. ನಡುವೆ ಎಲ್ಲೋ 'ವಲಿ' ಇರುವ ಪದಗಳೆಲ್ಲ ಬೇಕು ಎಂದರೆ ನಿಘಂಟಿನ ಕ್ರಮದಿಂದ ಏನೂ ಉಪಯೋಗವಿಲ್ಲ, ಮೊದಲ ಪುಟದಿಂದ ಕೊನೆಯವರೆಗೆ ಓದಲೇಬೇಕು.

ಹೊಸದಾಗಿ ಅಂಗಡಿ ಕಟ್ಟುವ ಪ್ರೋಗ್ರಾಮರುಗಳು ಸಾಮಾನ್ಯವಾಗಿ ಬರೆಯುವುದು ಇದನ್ನೇ:

```sql
SELECT * FROM products WHERE name LIKE '%ಕಪ್%';
```

ಎರಡೂ ಬದಿಯ ಆ ಶೇಕಡಾ ಚಿಹ್ನೆಗೆ 'ಹಿಂದೆ ಮುಂದೆ ಏನಿದ್ದರೂ ಸರಿ' ಎಂದು ಅರ್ಥ. ಹಾಗಾಗಿ ಡೇಟಾಬೇಸ್ ಹತ್ತು ಸಾವಿರ ಹೆಸರುಗಳನ್ನೂ ಒಂದೊಂದಾಗಿ ಓದುತ್ತದೆ. ಅಷ್ಟು ಸಾಮಾನಿಗೆ ಇದು ಗೊತ್ತೂ ಆಗುವುದಿಲ್ಲ, ಹತ್ತಾರು ಲಕ್ಷವಾಗಿ ನೂರಾರು ಜನ ಒಟ್ಟಿಗೆ ಹುಡುಕಿದಾಗ ಏದುಸಿರು ಬರುತ್ತದೆ. ವೇಗಕ್ಕಿಂತ ದೊಡ್ಡ ತೊಂದರೆ ಉತ್ತರದ್ದು. ಚಹಾ ಕಪ್ ಹುಡುಕಿದವರಿಗೆ ಕಪ್ಪು ಬಾಣಲೆ, ಕಪ್ಪು ಹಿಡಿಯ ಚಾಕು ಎಲ್ಲವೂ ಬಂದು ಕೂರುತ್ತವೆ, ಏಕೆಂದರೆ 'ಕಪ್ಪು' ಎಂಬುದರೊಳಗೆ 'ಕಪ್' ಇದೆ. ಯಂತ್ರಕ್ಕೆ ಅದು ಪದವಲ್ಲ, ಬರೀ ಅಕ್ಷರಗಳ ಸಾಲು.

ಹುಡುಕಾಟದ ಎಂಜಿನ್ನು ಹಿಡಿಯುವ ದಾರಿಯೇ ಬೇರೆ. ಪಠ್ಯಪುಸ್ತಕದ ಕೊನೆಯಲ್ಲಿ ಪದಸೂಚಿ ಇರುತ್ತದಲ್ಲ, ಯಾವ ಪದ ಯಾವ ಯಾವ ಪುಟದಲ್ಲಿದೆ ಎಂದು? ಅಂಥದ್ದೊಂದನ್ನು ಅದು ಮೊದಲೇ ಬರೆದಿಟ್ಟುಕೊಳ್ಳುತ್ತದೆ. ನಾಲ್ಕು ಸಾಮಾನುಗಳನ್ನು ತೆಗೆದುಕೊಳ್ಳೋಣ. ಒಂದನೆಯದು 'ಕಬ್ಬಿಣದ ದೋಸೆ ತವಾ', ಎರಡನೆಯದು 'ಅಲ್ಯೂಮಿನಿಯಂ ದೋಸೆ ತವಾ', ಮೂರನೆಯದು 'ಕಪ್ಪು ಕಬ್ಬಿಣದ ಬಾಣಲೆ', ನಾಲ್ಕನೆಯದು 'ಸ್ಟೀಲ್ ಕಪ್'. ಹೆಸರುಗಳನ್ನು ಪದಪದವಾಗಿ ಬಿಡಿಸಿ ಪಟ್ಟಿ ಮಾಡಿದರೆ ಅದರ ಕೆಲವು ಸಾಲುಗಳು ಹೀಗಿರುತ್ತವೆ:

```
ಕಪ್      → 4
ಕಪ್ಪು     → 3
ಕಬ್ಬಿಣದ  → 1, 3
ತವಾ     → 1, 2
ದೋಸೆ    → 1, 2
```

ಈಗ 'ಕಪ್' ಕೇಳಿದರೆ ನಾಲ್ಕನೆಯದು ಮಾತ್ರ ಬರುತ್ತದೆ, ಕಪ್ಪು ಬಾಣಲೆ ತನ್ನ ಜಾಗದಲ್ಲೇ ಇರುತ್ತದೆ. 'ಕಬ್ಬಿಣದ ದೋಸೆ ತವಾ' ಎಂದು ಕೇಳಿದರೆ ಮೂರು ಸಾಲುಗಳನ್ನು ತೆಗೆದು ಹೋಲಿಸಿದರಾಯಿತು. ಮೂರರಲ್ಲೂ ಇರುವುದು ಒಂದನೆಯ ಸಾಮಾನು, ಅದು ಮೇಲೆ ಬರುತ್ತದೆ. ಸಾಮಾನಿನ ಹೆಸರುಗಳನ್ನು ಯಾರೂ ಓದಲೇ ಇಲ್ಲ. ಓದುವ ಕೆಲಸವೆಲ್ಲ ಸಾಮಾನು ಅಂಗಡಿಗೆ ಸೇರಿದ ದಿನವೇ ಮುಗಿದಿತ್ತು.

ಇಲ್ಲೊಂದು ಎಡವಟ್ಟಿದೆ. ಗಿರಾಕಿ 'ಕಬ್ಬಿಣ' ಎಂದಷ್ಟೇ ಬರೆದರೆ? ಪಟ್ಟಿಯಲ್ಲಿರುವುದು 'ಕಬ್ಬಿಣದ', ಹಾಗಾಗಿ ಉತ್ತರ ಸೊನ್ನೆ! ಬೈದುಕೊಂಡಿದ್ದ ಹಳೆಯ ದಾರಿಯಲ್ಲಾದರೂ ಇದು ಸಿಗುತ್ತಿತ್ತು. ಅದಕ್ಕೇ ಪಟ್ಟಿಗೆ ಸೇರಿಸುವ ಮುಂಚೆ ಪದಗಳನ್ನು ಒಂದು ಜರಡಿಗೆ ಹಾಕುತ್ತಾರೆ, ಅನಲೈಸರ್ ಎಂದು ಅದರ ಹೆಸರು. ಇಂಗ್ಲಿಷಿನ ದೊಡ್ಡಕ್ಷರಗಳನ್ನು ಸಣ್ಣದು ಮಾಡುವುದು, ವಿಭಕ್ತಿ ಪ್ರತ್ಯಯ ಕಳಚಿ ಮೂಲಪದ ಉಳಿಸುವುದು ಅದರ ಕೆಲಸ. ಗಿರಾಕಿ ಬರೆದ ಪದವೂ ಅದೇ ಜರಡಿಯಿಂದ ಇಳಿದು ಬರಬೇಕು. ಒಂದು ಕಡೆ ಪ್ರತ್ಯಯ ಕಳಚಿ ಇನ್ನೊಂದು ಕಡೆ ಬಿಟ್ಟರೆ ಎರಡೂ ಎಂದಿಗೂ ಸಂಧಿಸುವುದಿಲ್ಲ. ಬಹಳ ಎಂಜಿನ್ನುಗಳ ತಳಪಾಯವಾಗಿರುವ ಲೂಸೀನ್ ಎಂಬ ಮುಕ್ತ ತಂತ್ರಾಂಶದಲ್ಲಿ ಹಿಂದಿ, ಬಂಗಾಳಿ, ತಮಿಳು, ತೆಲುಗುಗಳಿಗೆ ಸಿದ್ಧ ಅನಲೈಸರುಗಳಿವೆ. ಕನ್ನಡಕ್ಕೆ ಅಂಥದ್ದಿಲ್ಲ. ಮೈಕ್ರೋಸಾಫ್ಟಿನ ಅಜ್ಯೂರ್ ಎಐ ಸರ್ಚ್ ಸೇವೆಯ ಪಟ್ಟಿಯಲ್ಲಿ `kn.microsoft` ಎಂಬ ಕನ್ನಡದ್ದೊಂದಿದೆ.

ಹೀಗೆ ಸಿಕ್ಕ ಉತ್ತರಗಳಲ್ಲಿ ಯಾವುದು ಮೊದಲು? ಅಪರೂಪದ ಪದಕ್ಕೆ ತೂಕ ಹೆಚ್ಚು ಎಂಬುದೇ ಇದರ ಲೆಕ್ಕಾಚಾರದ ತಿರುಳು. ಅಂಗಡಿಯ ಮೂರು ಸಾವಿರ ಸಾಮಾನುಗಳ ಹೆಸರಿನಲ್ಲಿ 'ಸ್ಟೀಲ್' ಇದ್ದು ನಲವತ್ತರಲ್ಲಿ ಮಾತ್ರ 'ಇಡ್ಲಿ' ಇದ್ದರೆ, 'ಸ್ಟೀಲ್ ಇಡ್ಲಿ ಪಾತ್ರೆ' ಎಂದವರಿಗೆ ಇಡ್ಲಿಯೇ ಮುಖ್ಯವಾಗುತ್ತದೆ. ಸ್ಟೀಲಿನದಲ್ಲದ ಇಡ್ಲಿ ಪಾತ್ರೆ ಸ್ಟೀಲ್ ಬಕೆಟ್ಟಿಗಿಂತ ಮೇಲೆ ಬರುತ್ತದೆ. ಗಿರಾಕಿಯ ಮನಸ್ಸಿನಲ್ಲಿರುವುದೂ ಅದೇ ತಾನೆ.

ಇದನ್ನೆಲ್ಲ ಸ್ವಂತ ಯಂತ್ರಗಳಲ್ಲಿ ನಡೆಸಬಹುದು. ಆದರೆ ರಾತ್ರಿ ಡಿಸ್ಕ್ ತುಂಬಿದರೆ ಏಳಬೇಕಾದವರು ನೀವೇ. ಆ ಹೊರೆ ಬೇಡ ಎನ್ನುವವರಿಗಾಗಿ ಬಾಡಿಗೆ ಸೇವೆಗಳಿವೆ: ಅಲ್ಗೋಲಿಯಾ, ಎಲಾಸ್ಟಿಕ್ ಕ್ಲೌಡ್, ಅಮೆಜಾನಿನ ಓಪನ್‌ಸರ್ಚ್ ಸೇವೆ, ಟೈಪ್‌ಸೆನ್ಸ್ ಕ್ಲೌಡ್. ಕೆಲವರು ಹುಡುಕಾಟಗಳ ಎಣಿಕೆಯ ಮೇಲೆ ದುಡ್ಡು ಕೇಳುತ್ತಾರೆ, ಕೆಲವರು ಯಂತ್ರ ಓಡಿದ ಗಂಟೆಗಳ ಮೇಲೆ. ಸಣ್ಣ ಅಂಗಡಿಗೆ ಇದ್ಯಾವುದೂ ಬೇಕಾಗದೆ ಇರಬಹುದು. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಡೇಟಾಬೇಸುಗಳ ಒಳಗೇ ಇಂಥ ಪದಸೂಚಿ ಕಟ್ಟುವ ಸೌಲಭ್ಯವಿದೆ.

ಬಾಡಿಗೆ ಕೊಟ್ಟ ಮೇಲೂ ನಿಮ್ಮ ತಲೆಯ ಮೇಲೇ ಉಳಿಯುವ ಎರಡು ಕೆಲಸಗಳಿವೆ. ಪದಸೂಚಿ ಒಂದು ನಕಲು ಎಂಬುದನ್ನು ಮರೆಯದಿರುವುದು ಮೊದಲನೆಯದು. ಅಸಲು ಲೆಕ್ಕ ಇರುವುದು ಡೇಟಾಬೇಸಿನಲ್ಲಿ. ಬೆಲೆ ಬದಲಾದರೆ, ಸಾಮಾನು ತೆಗೆದುಹಾಕಿದರೆ ಆ ಸುದ್ದಿ ನಕಲಿಗೂ ಮುಟ್ಟಬೇಕು. ಎಲಾಸ್ಟಿಕ್‌ಸರ್ಚಿನಲ್ಲಿ ಹೊಸ ಬದಲಾವಣೆ ಹುಡುಕಾಟಕ್ಕೆ ಕಾಣಲು ಸಾಮಾನ್ಯವಾಗಿ ಒಂದು ಸೆಕೆಂಡು ಹಿಡಿಯುತ್ತದೆ, ಅದು ತೊಂದರೆಯಲ್ಲ. ಸುದ್ದಿಯೇ ದಾರಿಯಲ್ಲಿ ಕಳೆದುಹೋಗುವುದು ತೊಂದರೆ. ಆಗ ತಿಂಗಳ ಹಿಂದೆ ತೆಗೆದ ಕುಕ್ಕರು ಉತ್ತರದಲ್ಲಿ ದೆವ್ವದಂತೆ ಕಾಣಿಸಿಕೊಳ್ಳುತ್ತಲೇ ಇರುತ್ತದೆ. ಪ್ರತಿ ರಾತ್ರಿ ಎರಡೂ ಕಡೆಯ ಸಾಮಾನುಗಳ ಎಣಿಕೆ ತಾಳೆ ನೋಡಿದರೆ ಇಂಥದ್ದು ಸಿಕ್ಕಿಬೀಳುತ್ತದೆ. ದುಡ್ಡು ತೆಗೆದುಕೊಳ್ಳುವ ಹೊತ್ತಿನಲ್ಲಿ ಮಾತ್ರ ಬೆಲೆಯನ್ನು ಡೇಟಾಬೇಸಿನಿಂದಲೇ ಓದಬೇಕು.

ಎರಡನೆಯ ಕೆಲಸ ಭಾಷೆಯದು. ಸಮಾನಪದಗಳ ಕಡತಕ್ಕೆ ಒಂದು ಸಾಲು ಸೇರಿಸಿದರೆ ಉಡುಪಿಯ ಗಿರಾಕಿಗೆ ತವಾ ಸಿಗುತ್ತದೆ:

```
ತವಾ, ಕಾವಲಿ, ಹಂಚು
```

'ಹೆಂಚು' ಎಂಬುದನ್ನೂ ಸೇರಿಸಬಹುದೇ? ಪಾತ್ರೆ ಅಂಗಡಿಯಲ್ಲಿ ಧಾರಾಳವಾಗಿ. ಆದರೆ ಅದೇ ಅಂಗಡಿ ಮನೆ ಕಟ್ಟುವ ಸಾಮಾನನ್ನೂ ಮಾರುತ್ತಿದ್ದರೆ ಮಾಡಿಗೆ ಹೊದಿಸುವ ಮಂಗಳೂರು ಹೆಂಚು ಕೇಳಿದವರ ಮುಂದೆ ದೋಸೆ ತವಾ ಬಂದು ನಿಲ್ಲುತ್ತದೆ. ಅಂಥಲ್ಲಿ ಆ ಪದವನ್ನು ಕೈಬಿಡುವುದೇ ಲೇಸು. ಇದು ಯಾವ ಕಂಪನಿಯೂ ನಿಮಗಾಗಿ ಮಾಡಿಕೊಡುವ ತೀರ್ಮಾನವಲ್ಲ. ಜನ ಹುಡುಕಿ ಏನೂ ಸಿಗದೆ ಹೋದ ಪದಗಳ ಪಟ್ಟಿಯನ್ನು ಅಲ್ಗೋಲಿಯಾದಂಥ ಸೇವೆಗಳು ತೋರಿಸುತ್ತವೆ, ಉಳಿದ ಕಡೆ ನೀವೇ ಬರೆದಿಟ್ಟುಕೊಳ್ಳಬಹುದು. ವಾರಕ್ಕೊಮ್ಮೆ ಅದನ್ನು ತೆರೆದು, ಕೌಂಟರಿನಲ್ಲಿ ನಿಂತು ರೂಢಿಯಾದ ಒಬ್ಬರ ಪಕ್ಕದಲ್ಲಿ ಕೂತು ಓದಿ.