ಮೆಲ್ಲಿನ್ ಲೆಕ್ಕದೊಳಗಿನ ಲಾಪ್ಲಾಸ್

ಹಾರ್ಮೋನಿಯಂ ಮೇಲೆ ಒಂದು ಷಡ್ಜದಿಂದ ಅದರ ಮೇಲಿನ ಷಡ್ಜಕ್ಕೆ ಬೆರಳು ಸರಿಯುವ ದೂರ ಎಲ್ಲ ಸ್ಥಾಯಿಗಳಲ್ಲೂ ಒಂದೇ. ಕಂಪನಗಳ ಲೆಕ್ಕ ಮಾತ್ರ ಹಾಗಿಲ್ಲ. ಸೆಕೆಂಡಿಗೆ 220 ಇದ್ದದ್ದು 440 ಆಗುತ್ತದೆ, 440 ಇದ್ದದ್ದು 880. ಕೈಗೆ ಕೂಡುವ ಲೆಕ್ಕ, ನಾದಕ್ಕೆ ಗುಣಿಸುವ ಲೆಕ್ಕ. ಗುಣಾಕಾರವನ್ನು ಹೀಗೆ ಸರಿದಾಟವಾಗಿ ಮಾಡಿಕೊಡುವುದು ಲಾಗರಿತಮ್. ಮೆಲ್ಲಿನ್ ಪರಿವರ್ತನೆಯ ಒಳಗುಟ್ಟೂ ಇದೇ.

ಯಾಲ್ಮರ್ ಮೆಲ್ಲಿನ್ (1854–1933) ಫಿನ್ಲೆಂಡಿನ ಗಣಿತಜ್ಞ. ಬರ್ಲಿನ್ನಿನಲ್ಲಿ ವೈಯರ್‌ಸ್ಟ್ರಾಸ್ ಬಳಿ ಕಲಿತು, ಹೆಲ್ಸಿಂಕಿಯಲ್ಲಿ ಪಾಠ ಹೇಳಿದವನು. ಕೊನೆಗಾಲದಲ್ಲಿ ಐನ್‌ಸ್ಟೈನರ ಸಾಪೇಕ್ಷತೆಯನ್ನು ವಿರೋಧಿಸಿ ಲೇಖನಗಳನ್ನು ಬರೆದ. ಆ ವಾದವನ್ನು ಇಂದು ಯಾರೂ ಓದುವುದಿಲ್ಲ, ಹೆಸರು ಉಳಿದಿರುವುದು ಈ ಪರಿವರ್ತನೆಯಿಂದ. ಹಾಗೆ ನೋಡಿದರೆ ರೀಮನ್ 1859ರಲ್ಲೇ ಅವಿಭಾಜ್ಯ ಸಂಖ್ಯೆಗಳ ಬಗ್ಗೆ ಬರೆದ ಪ್ರಬಂಧದಲ್ಲಿ ಇದನ್ನು ಬಳಸಿದ್ದ. ಅದಕ್ಕೊಂದು ಕ್ರಮಬದ್ಧ ಸಿದ್ಧಾಂತ ಕಟ್ಟಿದವನು ಮೆಲ್ಲಿನ್.

ಸೂತ್ರ ಚಿಕ್ಕದು. ಒಂದು ಫಂಕ್ಷನ್ನನ್ನು x ನ ಒಂದು ಘಾತದಿಂದ ಗುಣಿಸಿ, ಸೊನ್ನೆಯಿಂದ ಅನಂತದವರೆಗೆ ಅನುಕಲಿಸಬೇಕು:

F(s) = ∫₀^∞ x^(s−1) f(x) dx

ಇಲ್ಲಿ f(x) ಬದಲು f(2x) ಹಾಕಿದರೆ ನಕ್ಷೆ ಅಡ್ಡಕ್ಕೆ ಅರ್ಧದಷ್ಟು ಕುಗ್ಗುತ್ತದೆ. ಉತ್ತರದಲ್ಲಿ ಆಗುವ ಬದಲಾವಣೆ ಇಷ್ಟೇ: F(s) ಅನ್ನು 2^(−s) ನಿಂದ ಗುಣಿಸಿದರೆ ಆಯಿತು. ಆಕಾರ ಹಾಗೇ ಇದ್ದು ಅಳತೆ ಮಾತ್ರ ಬದಲಾಗುವ ಸಂದರ್ಭಗಳಿಗೆ ಈ ಪರಿವರ್ತನೆ ಒಗ್ಗಿಬರುವುದು ಅದಕ್ಕೇ.

ಈಗ x = e^(−t) ಎಂದು ಚರವನ್ನು ಬದಲಿಸೋಣ. dx ಎಂಬುದು −e^(−t) dt ಆಗುತ್ತದೆ. x^(s−1) ಜೊತೆ ಅದು ಸೇರಿದಾಗ ಉಳಿಯುವುದು −e^(−st) dt. x ಸೊನ್ನೆಯ ಹತ್ತಿರ ಹೋದಂತೆ t ಧನ ಅನಂತಕ್ಕೆ ಹೋಗುತ್ತದೆ, x ಬೆಳೆದಂತೆ t ಋಣ ಅನಂತಕ್ಕೆ. ಎರಡು ತುದಿಗಳನ್ನು ಅದಲುಬದಲು ಮಾಡಿದರೆ ಋಣ ಚಿಹ್ನೆಯೂ ಹೋಗುತ್ತದೆ:

F(s) = ∫₋∞^∞ e^(−st) f(e^(−t)) dt

ಇದು f(e^(−t)) ಎಂಬ ಫಂಕ್ಷನ್ನಿನ ಎರಡು ಬದಿಯ ಲಾಪ್ಲಾಸ್ ಪರಿವರ್ತನೆ. ಎಂಜಿನಿಯರಿಂಗ್ ತರಗತಿಯಲ್ಲಿ ಕಲಿಸುವ ಲಾಪ್ಲಾಸ್ ಸೊನ್ನೆಯಿಂದ ಶುರುವಾಗುವಂಥದ್ದು. ಇದಕ್ಕೆ ಎಡಕ್ಕೂ ಬಲಕ್ಕೂ ಕೊನೆಯಿಲ್ಲ. ಅವಾಂತರ ಹುಟ್ಟುವುದೂ ಇಲ್ಲೇ, ಏಕೆಂದರೆ e^(−st) ಒಂದು ಬದಿಯಲ್ಲಿ ಕುಗ್ಗಿದರೆ ಇನ್ನೊಂದು ಬದಿಯಲ್ಲಿ ಬೆಳೆಯುತ್ತದೆ. ಎರಡೂ ತುದಿ ಹಿಡಿತದಲ್ಲಿರಬೇಕಾದರೆ s ನ ವಾಸ್ತವ ಭಾಗ ಒಂದು ಪಟ್ಟಿಯೊಳಗೆ ಇರಬೇಕು.

ಈ ಪಟ್ಟಿಯನ್ನು ಹೇಳದೆ ಬರೀ ಉತ್ತರ ಬರೆದರೆ ಏನಾಗುತ್ತದೆಂದು ನೋಡಲು e^(−x) ಸಾಕು. ಅದರ ಮೆಲ್ಲಿನ್ ಪರಿವರ್ತನೆಯೇ ಪ್ರಸಿದ್ಧ ಗಾಮಾ ಫಂಕ್ಷನ್, Γ(s). ಸೊನ್ನೆಯ ಬಳಿ e^(−x) ಹೆಚ್ಚುಕಡಿಮೆ 1 ಆಗಿರುವುದರಿಂದ s ಸೊನ್ನೆಗಿಂತ ದೊಡ್ಡದಿರಬೇಕು. ಈಗ ಅದರಿಂದ 1 ಕಳೆದು e^(−x) − 1 ತೆಗೆದುಕೊಳ್ಳಿ. ಸೊನ್ನೆಯ ಬಳಿ ಇದು −x ನಂತೆ ಕುಗ್ಗುತ್ತದೆ, ದೂರದಲ್ಲಿ −1ಕ್ಕೆ ಅಂಟಿಕೊಳ್ಳುತ್ತದೆ. ಹಾಗಾಗಿ s ಈಗ −1 ಮತ್ತು 0 ನಡುವೆ ಇರಬೇಕು. ಉತ್ತರ? ಮತ್ತೆ ಅದೇ Γ(s)! s = −1/2 ಇಟ್ಟರೆ −2√π, ಅಂದರೆ ಸುಮಾರು −3.54 ಬರುತ್ತದೆ, e^(−x) − 1 ಎಲ್ಲೆಡೆಯೂ ಋಣವಾದ್ದರಿಂದ ಚಿಹ್ನೆಯೂ ಸರಿಯಾಗಿಯೇ ಇದೆ. ಎರಡು ಬೇರೆ ಫಂಕ್ಷನ್ನುಗಳಿಗೆ ಒಂದೇ ಸೂತ್ರ. ಯಾವುದರದ್ದೆಂದು ಹೇಳುವುದು ಪಟ್ಟಿ ಮಾತ್ರ. 1 ಎಂಬ ಸ್ಥಿರಾಂಕಕ್ಕಾದರೋ ಯಾವ ಪಟ್ಟಿಯೂ ಸಿಗದು: s ಏನೇ ಇರಲಿ, ಒಂದಲ್ಲ ಒಂದು ತುದಿ ಕೈಮೀರುತ್ತದೆ.

ಪಟ್ಟಿಯ ಒಳಗೇ ಇದ್ದರೂ ಅಂಚಿಗೆ ಹತ್ತಿರವಾದರೆ ಕಂಪ್ಯೂಟರ್ ಎಡವುತ್ತದೆ. s = 0.1 ಇಟ್ಟು e^(−x) ನ ಅನುಕಲನವನ್ನು x = 0.001ರಿಂದ ಮೇಲಕ್ಕೆ ಮಾತ್ರ ಲೆಕ್ಕ ಹಾಕಿದರೆ 4.50 ಬರುತ್ತದೆ. ನಿಜವಾದ ಉತ್ತರ 9.51. ಅರ್ಧಕ್ಕಿಂತ ಹೆಚ್ಚು ಭಾಗ ಆ ಸಾವಿರದಲ್ಲೊಂದು ಅಂಶದಷ್ಟು ಜಾಗದೊಳಗೆ ಅಡಗಿ ಕುಳಿತಿದೆ. x ಅಕ್ಷದ ಮೇಲೆ ಇದು ನಂಬಲಾಗದ ಮಾತು, t ಅಕ್ಷದ ಮೇಲೆ ಸಹಜ: 0.001 ಎಂದರೆ t ಸುಮಾರು 6.9 ಅಷ್ಟೇ, ಅಲ್ಲಿಂದಾಚೆ e^(−0.1t) ಬಹಳ ನಿಧಾನವಾಗಿ ಇಳಿಯುತ್ತಾ ಸಾಗುತ್ತದೆ. ತಪ್ಪು 0.01ಕ್ಕೆ ಇಳಿಯಬೇಕಾದರೆ t ಸುಮಾರು 69ರವರೆಗೆ ಹೋಗಬೇಕು.

ತಪ್ಪನ್ನು ಪತ್ತೆಹಚ್ಚಲು ಕತ್ತರಿಸಿದ ಜಾಗವನ್ನು ಸರಿಸಿ ಮತ್ತೊಮ್ಮೆ ಲೆಕ್ಕ ಹಾಕಬೇಕು. ಉತ್ತರ ಅಲುಗಾಡಿದರೆ ಬಾಲ ಇನ್ನೂ ಉಳಿದಿದೆ ಎಂದರ್ಥ. 69ರವರೆಗೆ ನಡೆಯದೆ ದಾಟುವ ದಾರಿಯೂ ಉಂಟು. ಆ ಬಾಲದಲ್ಲಿ ಫಂಕ್ಷನ್ ಹೇಗೂ 1, ಆದ್ದರಿಂದ ಬಾಲದ ಅನುಕಲನವನ್ನು ಕೈಯಲ್ಲೇ ಮಾಡಬಹುದು: (0.001)^0.1 ಅನ್ನು 0.1ರಿಂದ ಭಾಗಿಸಿದರೆ 5.01. ಅದಕ್ಕೆ 4.50 ಕೂಡಿಸಿದರೆ 9.51.