ಮೂರು ಅಂಕದ ಪ್ರಶ್ನೆ, ಎರಡು ಬಗೆಯ ವಿಭಜನೆ

‘ಬ್ಯಾಕ್ಟೀರಿಯಾದ ದ್ವಿವಿದಳನವನ್ನು ಮೈಟಾಸಿಸ್‌ನೊಂದಿಗೆ ಹೋಲಿಸಿ. 3 ಅಂಕ.’

ಜೀವಶಾಸ್ತ್ರದ ಪ್ರಶ್ನೆಪತ್ರಿಕೆಗೆ ಹೇಳಿ ಮಾಡಿಸಿದಂಥ ಪ್ರಶ್ನೆಯಿದು. ನಾಲ್ಕೈದು ಸಾಲಿನಲ್ಲಿ ಉತ್ತರ ಮುಗಿಯಬೇಕು. ಹೆಚ್ಚಿನ ವಿದ್ಯಾರ್ಥಿಗಳು ಹಾಳೆಯ ನಡುವೆ ಗೆರೆ ಎಳೆಯುತ್ತಾರೆ. ಎಡಗಡೆ ‘ವೇಗ, ಸರಳ, ಕೋಶಕೇಂದ್ರ ಇಲ್ಲ’ ಎಂದು ಬರೆದು, ಬಲಗಡೆ ‘ನಿಧಾನ, ಸಂಕೀರ್ಣ, ಕೋಶಕೇಂದ್ರ ಇದೆ’ ಎಂದು ತುಂಬಿಸಿ, ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಈ ಮೂರು ಜೋಡಿಗಳಲ್ಲಿ ಕೊನೆಯದೊಂದೇ ಗಟ್ಟಿ. ಮೊದಲನೆಯದು ವ್ಯತ್ಯಾಸವೇ ಅಲ್ಲ. ಎರಡನೆಯದು ಏನನ್ನೂ ವಿವರಿಸುವುದಿಲ್ಲ.

ವೇಗದ ಮಾತನ್ನೇ ಮೊದಲು ನೋಡಬಹುದು. ನಮ್ಮ ಕರುಳಿನಲ್ಲಿ ವಾಸಿಸುವ ಇ. ಕೋಲಿ ಬ್ಯಾಕ್ಟೀರಿಯಾ ಒಳ್ಳೆಯ ಆಹಾರ ಮತ್ತು 37 ಡಿಗ್ರಿ ಬಿಸಿ ಸಿಕ್ಕರೆ ಸುಮಾರು 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತದೆ. ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯನ ಕೋಶಕ್ಕೆ ಒಂದು ಸುತ್ತು ಮುಗಿಸಲು ಸುಮಾರು 24 ಗಂಟೆ ಬೇಕು. ಪಠ್ಯಪುಸ್ತಕಗಳು ಕೊಡುವುದು ಈ ಎರಡು ಉದಾಹರಣೆಗಳನ್ನೇ. ಆದರೆ ಕ್ಷಯರೋಗದ ಬ್ಯಾಕ್ಟೀರಿಯಾ ಕೂಡ ದ್ವಿವಿದಳನದಿಂದಲೇ ಹೆಚ್ಚುತ್ತದೆ, ಅದಕ್ಕೆ ಒಂದು ಸಲ ಇಬ್ಭಾಗವಾಗಲು 20 ಗಂಟೆಯ ಆಸುಪಾಸು ಹಿಡಿಯುತ್ತದೆ. ರೋಗಿಯ ಕಫವನ್ನು ಕಲ್ಚರ್‌ಗೆ ಕಳಿಸಿದರೆ ವರದಿ ಬರಲು ವಾರಗಟ್ಟಲೆ ಕಾಯಬೇಕಾಗುವುದು ಇದರಿಂದಲೇ. ಇನ್ನೊಂದು ಕಡೆ, ಬಾಳೆಹಣ್ಣಿನ ಮೇಲೆ ಹಾರಾಡುವ ಹಣ್ಣುನೊಣದ ಮೊಟ್ಟೆಯೊಳಗೆ ಆರಂಭದ ಕೋಶಕೇಂದ್ರಗಳು ಹತ್ತು ನಿಮಿಷಕ್ಕೊಮ್ಮೆ ಮೈಟಾಸಿಸ್ ಮುಗಿಸುತ್ತವೆ. ಅಂದರೆ ಇ. ಕೋಲಿಗಿಂತಲೂ ವೇಗ. ಗಡಿಯಾರ ನೋಡಿ ಈ ಎರಡನ್ನು ಬೇರ್ಪಡಿಸಲು ಬರುವುದಿಲ್ಲ.

ಹಾಗಿದ್ದರೆ ನಿಜವಾದ ವ್ಯತ್ಯಾಸ ಎಲ್ಲಿದೆ? ಸೂಕ್ಷ್ಮದರ್ಶಕದ ಕೆಳಗೆ ಅದರ ಅರ್ಧ ಭಾಗ ಕಣ್ಣಿಗೇ ಕಾಣುತ್ತದೆ.

ಪಿಯು ಕಾಲೇಜಿನ ಪ್ರಯೋಗಾಲಯದಲ್ಲಿ ಇದಕ್ಕೆ ಬಳಸುವುದು ಈರುಳ್ಳಿಯನ್ನು. ಅದರ ಬುಡ ನೀರಿಗೆ ತಾಗುವಂತೆ ಇಟ್ಟರೆ ಕೆಲವೇ ದಿನಗಳಲ್ಲಿ ಬಿಳಿ ಬೇರುಗಳು ಇಳಿಯುತ್ತವೆ. ಬೇರಿನ ತುದಿಯನ್ನು ಕತ್ತರಿಸಿ ಆಲ್ಕೋಹಾಲ್ ಮತ್ತು ಅಸೆಟಿಕ್ ಆಮ್ಲದಲ್ಲಿ ಇಟ್ಟು, ಬಳಿಕ ಹೈಡ್ರೋಕ್ಲೋರಿಕ್ ಆಮ್ಲದ ಹನಿಯಲ್ಲಿ ಮೆತ್ತಗಾಗಿಸುತ್ತಾರೆ. ಅಸಿಟೋಕಾರ್ಮಿನ್ ಬಣ್ಣ ಹಾಕಿ, ಸ್ವಲ್ಪ ಬಿಸಿ ಮಾಡಿ, ಕವರ್‌ಸ್ಲಿಪ್ ಇಟ್ಟು ಹೆಬ್ಬೆರಳಿನಿಂದ ಒತ್ತಿದರೆ ಕೋಶಗಳು ಒಂದೇ ಪದರವಾಗಿ ಹರಡುತ್ತವೆ. ಹೆಚ್ಚಿನ ಕೋಶಗಳಲ್ಲಿ ಕಾಣುವುದು ಕೆಂಪು ಉಂಡೆಯಂಥ ಕೋಶಕೇಂದ್ರವಷ್ಟೇ. ನಡುನಡುವೆ ಮಾತ್ರ ಬೇರೆ ನೋಟ: ಒಂದು ಕೋಶದಲ್ಲಿ ದಪ್ಪಗಾದ ವರ್ಣತಂತುಗಳ ಗೋಜಲು, ಇನ್ನೊಂದರಲ್ಲಿ ನಡುಗೆರೆಗೆ ಬಂದು ನಿಂತ ವರ್ಣತಂತುಗಳು, ಮತ್ತೊಂದರಲ್ಲಿ ಎರಡು ತುದಿಗಳತ್ತ ಸರಿಯುತ್ತಿರುವ ಎರಡು ಗುಂಪುಗಳು. ಜರ್ಮನಿಯ ವಾಲ್ಟರ್ ಫ್ಲೆಮಿಂಗ್ ಸಲಮಾಂಡರ್ ಮರಿಗಳ ಕೋಶಗಳಲ್ಲಿ ಇದೇ ಹಂತಗಳನ್ನು ಗುರುತಿಸಿ 1882ರಲ್ಲಿ ಪುಸ್ತಕವಾಗಿ ಪ್ರಕಟಿಸಿದ.

ಈ ನೋಟದಲ್ಲಿ ಒಂದು ಕಟ್ಟುನಿಟ್ಟಿನ ಅನುಕ್ರಮವಿದೆ. ಈರುಳ್ಳಿ ಕೋಶದ 16 ವರ್ಣತಂತುಗಳೂ ಮೈಟಾಸಿಸ್ ಆರಂಭವಾಗುವ ಮುನ್ನವೇ ನಕಲಾಗಿ ಮುಗಿದಿರುತ್ತವೆ. ನಕಲಾದ ಜೋಡಿ ಎಳೆಗಳು ಒಂದಕ್ಕೊಂದು ಅಂಟಿಕೊಂಡೇ ಕಾಯುತ್ತವೆ. ಟ್ಯೂಬುಲಿನ್ ಎಂಬ ಪ್ರೋಟೀನಿನಿಂದ ಕಟ್ಟಿದ ಕದಿರಿನ ಎಳೆಗಳು ಎರಡೂ ಕಡೆಯಿಂದ ಬಂದು ಪ್ರತಿಯೊಂದು ಜೋಡಿಗೂ ಕಚ್ಚಿಕೊಳ್ಳಬೇಕು. ಒಂದೇ ಒಂದು ಜೋಡಿಗೆ ಎಳೆ ಸಿಗದಿದ್ದರೂ ಕೋಶ ಅಲ್ಲೇ ತಡೆದು ನಿಲ್ಲುತ್ತದೆ. ಎಲ್ಲವೂ ಸರಿಯಾದ ಮೇಲೆ ಅಂಟು ಬಿಡುತ್ತದೆ, ಜೋಡಿಗಳು ಬೇರೆಯಾಗುತ್ತವೆ. ಮೊದಲು ನಕಲು, ಆಮೇಲೆ ಹಂಚಿಕೆ, ಕೊನೆಗೆ ಕೋಶದ ಇಬ್ಭಾಗ.

ಇಲ್ಲೊಂದು ಸೂಕ್ಷ್ಮವಿದೆ. ಮೈಟಾಸಿಸ್ ಎಂದರೆ ಕೋಶಕೇಂದ್ರದ ವಿಭಜನೆ ಮಾತ್ರ, ಕೋಶ ಎರಡಾಗುವುದು ಅದರ ನಂತರದ ಬೇರೆ ಕೆಲಸ. ಇದಕ್ಕೆ ಸಾಕ್ಷಿ ಎಳನೀರಿನಲ್ಲಿದೆ. ಕಾಯಿ ಬೆಳೆಯುವಾಗ ಒಳಗಿನ ಪೋಷಕ ಅಂಗಾಂಶದ ಕೋಶಕೇಂದ್ರ ಮತ್ತೆ ಮತ್ತೆ ಮೈಟಾಸಿಸ್‌ಗೆ ಒಳಗಾಗುತ್ತದೆ, ಆದರೆ ನಡುವೆ ಕೋಶಭಿತ್ತಿ ಏಳುವುದಿಲ್ಲ. ನಾವು ಕುಡಿಯುವ ಎಳನೀರು ಹೀಗೆ ಹುಟ್ಟಿದ ಸಾವಿರಾರು ಕೋಶಕೇಂದ್ರಗಳು ತೇಲುವ ದ್ರವ. ಸುತ್ತಲಿನ ಬಿಳಿ ತಿರುಳು ಭಿತ್ತಿ ಕಟ್ಟಿಕೊಂಡ ಕೋಶಗಳಿಂದಾದದ್ದು.

ದ್ವಿವಿದಳನ ಹಾಗಲ್ಲ. ಅದು ಇಡೀ ಜೀವಿಯೇ ಎರಡಾಗುವ ಸಂತಾನೋತ್ಪತ್ತಿ. ಹೀಗಾಗಿ ಅದನ್ನು ಹೋಲಿಸಬೇಕಾದದ್ದು ಮೈಟಾಸಿಸ್ ಒಂದರ ಜೊತೆಗಲ್ಲ, ಮೈಟಾಸಿಸ್ ಮತ್ತು ಅದರ ಹಿಂದೆಯೇ ನಡೆಯುವ ಕೋಶದ್ರವ್ಯ ವಿಭಜನೆ ಎರಡೂ ಸೇರಿದ ಕೆಲಸದ ಜೊತೆಗೆ. ಉತ್ತರದಲ್ಲಿ ಇದನ್ನು ಒಂದು ಸಾಲಿನಲ್ಲಿ ಹೇಳಿದರೂ ಸಾಕು, ಬರೆದವರಿಗೆ ವಿಷಯ ಗೊತ್ತಿದೆ ಎಂಬುದು ತಿಳಿಯುತ್ತದೆ.

ಈಗ ಇ. ಕೋಲಿಯ ಒಳಗೆ ಇಣುಕೋಣ. ಕೋಶದ ಉದ್ದ ಸುಮಾರು 2 ಮೈಕ್ರಾನ್, ಅಂದರೆ ಐದುನೂರು ಕೋಶ ಸಾಲಾಗಿ ಇಟ್ಟರೆ ಒಂದು ಮಿಲಿಮೀಟರ್. ಕೋಶಕೇಂದ್ರವಿಲ್ಲ. ಉಂಗುರದಂತೆ ತುದಿಯಿಲ್ಲದ ಒಂದೇ ವರ್ಣತಂತು, ಅದರಲ್ಲಿ ಸುಮಾರು 46 ಲಕ್ಷ ಜೋಡಿ ಅಕ್ಷರಗಳು. ನಕಲು ಮಾಡುವ ಕೆಲಸ ಅದರ ಮೇಲಿನ ಒಂದು ಗೊತ್ತಾದ ಜಾಗದಲ್ಲೇ ಶುರುವಾಗುತ್ತದೆ. ಅಲ್ಲಿಂದ ಎರಡು ನಕಲು ಯಂತ್ರಗಳು ಎದುರುಬದುರು ದಿಕ್ಕಿಗೆ ಹೊರಟು, ಸೆಕೆಂಡಿಗೆ ಸುಮಾರು 1,000 ಅಕ್ಷರದಂತೆ ಸಾಗಿ, ಆಚೆ ಬದಿಯಲ್ಲಿ ಸಂಧಿಸುತ್ತವೆ. ಒಂದೊಂದರ ಪಾಲಿಗೆ 23 ಲಕ್ಷ ಅಕ್ಷರ. ಭಾಗಿಸಿದರೆ 2,300 ಸೆಕೆಂಡ್, ಹೆಚ್ಚುಕಡಿಮೆ 40 ನಿಮಿಷ. ನಕಲು ಮುಗಿದ ಮೇಲೆ ಕೋಶ ಎರಡಾಗಲು ಇನ್ನೂ 20 ನಿಮಿಷ. ಒಟ್ಟು ಒಂದು ಗಂಟೆಯ ಕೆಲಸ.

ಆದರೆ ಈ ಜೀವಿ 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತದಲ್ಲ!

ಈ ಒಗಟನ್ನು 1968ರಲ್ಲಿ ಬಿಡಿಸಿದವರು ಸ್ಟೀಫನ್ ಕೂಪರ್ ಮತ್ತು ಚಾರ್ಲ್ಸ್ ಹೆಲ್ಮ್‌ಸ್ಟೆಟರ್. ಒಂದು ಸುತ್ತಿನ ನಕಲು ಮುಗಿಯುವವರೆಗೆ ಇ. ಕೋಲಿ ಕಾಯುವುದೇ ಇಲ್ಲ. ಮೊದಲ ಸುತ್ತು ಅರ್ಧ ದಾರಿಯಲ್ಲಿರುವಾಗಲೇ ಆರಂಭದ ಜಾಗದಲ್ಲಿ ಎರಡನೆಯ ಸುತ್ತು ಹೊರಡುತ್ತದೆ. 20 ನಿಮಿಷದ ಲೆಕ್ಕ ಹಿಡಿದರೆ, ಈಗ ಎರಡಾಗುತ್ತಿರುವ ಕೋಶ ತನ್ನ ಮರಿಗಳಿಗೆ ಹಂಚುವ ವರ್ಣತಂತುವಿನ ನಕಲು ಶುರುವಾದದ್ದು ಅದರ ಅಜ್ಜಿಯ ಹುಟ್ಟಿನ ಹೊತ್ತಿಗೆ. ಹುಟ್ಟುವ ಪ್ರತಿಯೊಂದು ಮರಿಯೂ ಮುಂದಿನ ತಲೆಮಾರಿನ ನಕಲನ್ನು ಅರ್ಧ ಮುಗಿಸಿಕೊಂಡೇ ಬಂದಿರುತ್ತದೆ. ಆಹಾರ ಕಡಿಮೆಯಾದರೆ ಕೋಶ ನಿಧಾನವಾಗಿ ಬೆಳೆಯುತ್ತದೆ, ಆಗ ಸುತ್ತುಗಳು ಒಂದರ ಮೇಲೊಂದು ಬೀಳುವುದಿಲ್ಲ.

ಮೈಟಾಸಿಸ್ ನಡೆಸುವ ಕೋಶಕ್ಕೆ ಈ ದಾರಿ ಮುಚ್ಚಿದೆ. ಮನುಷ್ಯನ 46 ವರ್ಣತಂತುಗಳಲ್ಲಿ ನಕಲು ಶುರುವಾಗುವ ಜಾಗಗಳು ಸಾವಿರಾರು. ಪ್ರತಿ ಜಾಗವೂ ಒಂದು ಸುತ್ತಿನಲ್ಲಿ ಒಮ್ಮೆ ಮಾತ್ರ ಕೆಲಸ ಮಾಡುವಂತೆ ಬೀಗ ಬಿದ್ದಿರುತ್ತದೆ. ಕೋಶ ಎರಡಾಗುವವರೆಗೆ ಬೀಗ ತೆಗೆಯುವುದಿಲ್ಲ. ಬೀಗ ತಪ್ಪಿದರೆ ಕೆಲವು ತುಣುಕುಗಳು ಎರಡು ಸಲ ನಕಲಾಗಿ ಲೆಕ್ಕ ಕೆಡುತ್ತದೆ. ಬ್ಯಾಕ್ಟೀರಿಯಾದಲ್ಲಿ ನಕಲು ಮತ್ತು ಹಂಚಿಕೆ ಒಟ್ಟೊಟ್ಟಿಗೇ ಸಾಗುತ್ತವೆ, ನಕಲಾದ ಭಾಗ ನಕಲಾದಂತೆಯೇ ಎರಡು ಕಡೆಗೆ ಸರಿಯುತ್ತದೆ. ಮೈಟಾಸಿಸ್‌ನಲ್ಲಿ ಅವೆರಡರ ನಡುವೆ ಬಿಡುವಿದೆ. ಕೋಶಕೇಂದ್ರ ಇದೆಯೇ ಇಲ್ಲವೇ ಎಂಬುದರ ಆಚೆಗಿನ ಮುಖ್ಯ ವ್ಯತ್ಯಾಸ ಇದೇ.

ಕೋಶವನ್ನು ನಡುವೆ ಬೇರ್ಪಡಿಸುವ ಸಾಧನವೂ ಬೇರೆ. ಪ್ರಾಣಿಕೋಶದಲ್ಲಿ ಆಕ್ಟಿನ್ ಎಂಬ ಪ್ರೋಟೀನಿನ ಉಂಗುರ, ಸಂಚಿಯ ಲಾಡಿ ಎಳೆದಂತೆ, ನಡುವನ್ನು ಬಿಗಿಯುತ್ತದೆ. ಸಸ್ಯಕೋಶದಲ್ಲಿ ನಡುವಿನಿಂದ ಹೊರಕ್ಕೆ ಹೊಸ ಭಿತ್ತಿ ಏಳುತ್ತದೆ. ಬ್ಯಾಕ್ಟೀರಿಯಾದಲ್ಲಿ ಎಫ್‌ಟಿಎಸ್-ಝಡ್ ಎಂಬ ಪ್ರೋಟೀನ್ ನಡುವಿನಲ್ಲಿ ಉಂಗುರವಾಗಿ ಕೂತು, ಕೋಶಭಿತ್ತಿ ಒಳಮುಖವಾಗಿ ಬೆಳೆಯುವಂತೆ ಮಾಡುತ್ತದೆ. ಈ ಉಂಗುರವನ್ನು ಎರ್ಫೀ ಬಿ ಮತ್ತು ಜೋ ಲುಟ್ಕೆನ್‌ಹೌಸ್ 1991ರಲ್ಲಿ ತೋರಿಸಿದರು. ಈ ಪ್ರೋಟೀನ್ ಕೆಟ್ಟ ಇ. ಕೋಲಿ ತಳಿಯೊಂದನ್ನು 42 ಡಿಗ್ರಿಯಲ್ಲಿ ಬೆಳೆಸಿದರೆ ಅದು ಎರಡಾಗಲಾರದೆ ದಾರದಂತೆ ಉದ್ದವಾಗುತ್ತ ಹೋಗುತ್ತದೆ, ಒಳಗೆ ಡಿಎನ್‌ಎ ಮಾತ್ರ ನಕಲಾಗಿ ಅಲ್ಲಲ್ಲಿ ಅಂತರ ಬಿಟ್ಟು ಹಂಚಿಕೊಂಡಿರುತ್ತದೆ.

ಎಫ್‌ಟಿಎಸ್-ಝಡ್ ನಮ್ಮ ಟ್ಯೂಬುಲಿನ್‌ನ ದೂರದ ಬಂಧು. ಮೈಟಾಸಿಸ್‌ನಲ್ಲಿ ವರ್ಣತಂತು ಎಳೆಯುವ ಮನೆತನದ ಪ್ರೋಟೀನ್ ಬ್ಯಾಕ್ಟೀರಿಯಾದಲ್ಲಿ ಕೋಶವನ್ನೇ ಇಬ್ಭಾಗ ಮಾಡುತ್ತದೆ. ಬಹಳ ಹಿಂದೆ ಬ್ಯಾಕ್ಟೀರಿಯಾಗಳಿಂದಲೇ ಬಂದ ಕ್ಲೋರೋಪ್ಲಾಸ್ಟ್‌ಗಳು ಎಲೆಯ ಕೋಶಗಳೊಳಗೆ ಇವತ್ತಿಗೂ ಇದೇ ಪ್ರೋಟೀನ್ ಬಳಸಿ ಎರಡಾಗುತ್ತವೆ. ‘ಸರಳ, ಸಂಕೀರ್ಣ’ ಎಂಬ ಜೋಡಿ ಈ ಯಾವುದನ್ನೂ ಹೇಳುವುದಿಲ್ಲ.

ಇಷ್ಟನ್ನೂ ಮೂರು ಅಂಕಕ್ಕೆ ಇಳಿಸಿದರೆ ಉತ್ತರ ಹೀಗಿರಬಹುದು:

‘ಎರಡರಲ್ಲೂ ಡಿಎನ್‌ಎ ನಕಲಾಗಿ ಸಮನಾಗಿ ಹಂಚಿಕೆಯಾಗುತ್ತದೆ. ಹುಟ್ಟುವ ಎರಡು ಮರಿಕೋಶಗಳ ಆನುವಂಶಿಕ ಸಾಮಗ್ರಿ ತಾಯಿಕೋಶದಂತೆಯೇ ಇರುತ್ತದೆ. ದ್ವಿವಿದಳನ ಕೋಶಕೇಂದ್ರವಿಲ್ಲದ ಬ್ಯಾಕ್ಟೀರಿಯಾದ ಸಂತಾನೋತ್ಪತ್ತಿ. ಅದರಲ್ಲಿ ಸಾಮಾನ್ಯವಾಗಿ ಒಂದೇ ಉಂಗುರಾಕಾರದ ವರ್ಣತಂತುವಿದ್ದು, ನಕಲು ಮತ್ತು ಹಂಚಿಕೆ ಜೊತೆಯಾಗಿ ಸಾಗುತ್ತವೆ, ಕದಿರಿನ ಎಳೆಗಳಿಲ್ಲ. ಮೈಟಾಸಿಸ್ ಕೋಶಕೇಂದ್ರದ ವಿಭಜನೆ. ಅದರಲ್ಲಿ ಮೊದಲೇ ನಕಲಾದ ಹಲವು ವರ್ಣತಂತುಗಳನ್ನು ಕದಿರಿನ ಎಳೆಗಳು ಬೇರ್ಪಡಿಸುತ್ತವೆ, ಕೋಶದ್ರವ್ಯ ಆನಂತರ ವಿಭಜನೆಯಾಗುತ್ತದೆ.’

ಹೋಲಿಕೆಗೆ ಒಂದು ಅಂಕ, ವ್ಯತ್ಯಾಸಕ್ಕೆ ಎರಡು. ‘ಹೋಲಿಸಿ’ ಎಂದು ಕೇಳಿದಾಗ ಸಾಮ್ಯವನ್ನು ಬಿಟ್ಟು ವ್ಯತ್ಯಾಸವನ್ನಷ್ಟೇ ಬರೆಯುವವರು ಆ ಮೊದಲ ಅಂಕವನ್ನು ಕೈಯಾರೆ ಕಳೆದುಕೊಳ್ಳುತ್ತಾರೆ.

ಕೊನೆಯದಾಗಿ ಒಂದು ಎಚ್ಚರಿಕೆ. ಹತ್ತನೇ ತರಗತಿಯ ಪುಸ್ತಕದಲ್ಲಿ ದ್ವಿವಿದಳನಕ್ಕೆ ಕೊಟ್ಟಿರುವ ಉದಾಹರಣೆಗಳು ಅಮೀಬಾ ಮತ್ತು ಕಾಲಾ ಅಜಾರ್ ತರುವ ಲೀಶ್ಮೇನಿಯ. ಇವೆರಡಕ್ಕೂ ಕೋಶಕೇಂದ್ರವಿದೆ, ಅದು ಮೈಟಾಸಿಸ್‌ನಿಂದಲೇ ವಿಭಜನೆಯಾಗುತ್ತದೆ. ಅಮೀಬಾದಲ್ಲಿ ಈ ಎರಡು ಪದಗಳು ಎದುರಾಳಿಗಳಲ್ಲ: ಜೀವಿ ಎರಡಾಗುವುದು ದ್ವಿವಿದಳನ, ಅದರ ಕೋಶಕೇಂದ್ರ ಎರಡಾಗುವುದು ಮೈಟಾಸಿಸ್. ಪ್ರಶ್ನೆಯಲ್ಲಿ ‘ಬ್ಯಾಕ್ಟೀರಿಯಾದ’ ಎಂಬ ಮಾತು ಇದೆಯೇ ಎಂದು ನೋಡಿಕೊಂಡೇ ಪೆನ್ನು ಹಿಡಿಯಬೇಕು. ಅದಿಲ್ಲದಿದ್ದರೆ ಮೇಲಿನ ಉತ್ತರವನ್ನು ಹಾಗೆಯೇ ಬರೆಯುವಂತಿಲ್ಲ.